ನೋಟೀಸ್ ಬೋರ್ಡಿನ ಒಂದು ವಾಕ್ಯ

ನಮ್ಮ ಸಂಘಕ್ಕೆ ಕಾಲೇಜು ಆಫೀಸಿನಿಂದ ಕರೆ ಬರೋದು ವರ್ಷಕ್ಕೆ ಎರಡೇ ಸಲ. ರಾಜ್ಯೋತ್ಸವದ ಬ್ಯಾನರಿನಲ್ಲಿ ಒತ್ತಕ್ಷರ ಸರಿ ಇದೆಯಾ ನೋಡಿ ಅಂತ ಒಮ್ಮೆ, ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಗೆ ಇನ್ನೊಮ್ಮೆ. ಹಾಗಾಗಿ ನವೆಂಬರ್ 12ರಂದು ವಿದ್ಯಾರ್ಥಿವೇತನ ವಿಭಾಗದ ಗುಮಾಸ್ತರು ಕರೆದಾಗ, ಇನ್ನೊಂದು ಬ್ಯಾನರ್ ಇರಬೇಕು ಅಂದುಕೊಂಡೇ ಹೋದೆವು. ಅವರು ಕೈಗಿಟ್ಟಿದ್ದು ಎರಡು ಪುಟದ ಇಂಗ್ಲಿಷ್ ಸುತ್ತೋಲೆ. ರಾಜ್ಯ ಸರ್ಕಾರದ ಸುತ್ತೋಲೆಗಳು ಸಾಮಾನ್ಯವಾಗಿ ಕನ್ನಡದಲ್ಲೇ ಬರುತ್ತವೆ. ಇದು ಕೇಂದ್ರದ ಒಂದು ವಿದ್ಯಾರ್ಥಿವೇತನಕ್ಕೆ ಸೇರಿದ್ದು, ಇಂಗ್ಲಿಷಿನಲ್ಲಷ್ಟೇ ಇತ್ತು. "ಹುಡುಗರಿಗೆ ಹೇಗೋ ಅರ್ಥ ಆಗತ್ತೆ, ಅವರ ಅಪ್ಪ ಅಮ್ಮ ಓದ್ಬೇಕಲ್ಲ. ಕನ್ನಡದಲ್ಲಿ ಒಂದು ಮಾಡ್ಕೊಡಿ, ನಾಳೆ ಬೋರ್ಡಿಗೆ ಹಾಕ್ತೀನಿ" ಅಂದರು.

ನಾವು ನಾಲ್ಕು ಜನ. ಸಂಜೆ ಹಾಸ್ಟೆಲ್ಲಿನ ಓದುವ ಕೋಣೆಯಲ್ಲಿ ಕೂತೆವು. ಒಂದನೇ ಪುಟ ಸಲೀಸಾಗಿ ಹೋಯಿತು: ವಿಷಯ, ಉಲ್ಲೇಖ, ಯಾರಿಗೆ ಅನ್ವಯ, ಎಷ್ಟು ಆದಾಯದ ಮಿತಿ. ಸಿಕ್ಕಿಬಿದ್ದದ್ದು ಮೂರನೇ ಪ್ಯಾರಾದಲ್ಲಿ. ಪ್ಯಾರಾ ಅಂದರೆ ಅದು ಒಂದೇ ವಾಕ್ಯ. ಎಣಿಸಿ ನೋಡಿದೆವು, 70ಕ್ಕೂ ಹೆಚ್ಚು ಪದ, ಐದು ಅಲ್ಪವಿರಾಮ, ಕೊನೆಯಲ್ಲೊಂದು ಪೂರ್ಣವಿರಾಮ. ವಿದ್ಯಾರ್ಥಿ ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ ಅನ್ನೋದೆಲ್ಲ ಅದರೊಳಗೇ ಇತ್ತು. ಈ ಲೇಖನ ಪೂರ್ತಿ ಆ ಒಂದು ವಾಕ್ಯದ ಕಥೆ.

ಮೊದಲು ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಗ್ರಂಥಾಲಯದ ಆಡಳಿತ ಪದಕೋಶವನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಪದಕ್ಕೂ ಒಂದೊಂದು ಪದ ಇಟ್ಟೆವು. ಬಂದದ್ದು ಇದು:

"ಹೊಸ ಹಾಗೂ ನವೀಕರಣ ಅರ್ಜಿದಾರರು ಸಕ್ಷಮ ಪ್ರಾಧಿಕಾರದಿಂದ ನೀಡಲ್ಪಟ್ಟ ಆದಾಯ ಪ್ರಮಾಣಪತ್ರವನ್ನು ಸಲ್ಲಿಸತಕ್ಕದ್ದು ಹಾಗೂ ತಮ್ಮ ಬ್ಯಾಂಕ್ ಖಾತೆಯು ಆಧಾರ್ ಜೋಡಣೆಗೊಂಡು ಸಕ್ರಿಯವಾಗಿರುವುದನ್ನು ನವೆಂಬರ್ 30ರಂದು ಅಥವಾ ಅದಕ್ಕೂ ಮುನ್ನ ಖಚಿತಪಡಿಸಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಮುಂದಿನ ಯಾವುದೇ ಸೂಚನೆಯಿಲ್ಲದೆ ಅರ್ಜಿಯು ತಿರಸ್ಕರಿಸಲ್ಪಡಬಹುದು, ಪರಂತು ಹಿಂದಿನ ಸಾಲಿನ ಮೊತ್ತವು ಜಮೆಯಾಗಿರುವ ನವೀಕರಣ ಅರ್ಜಿದಾರರು ಸಕ್ಷಮ ಪ್ರಾಧಿಕಾರವು ನಿರ್ದಿಷ್ಟವಾಗಿ ಕೋರಿದ ಹೊರತು ಸದರಿ ಪ್ರಮಾಣಪತ್ರವನ್ನು ಪುನಃ ಸಲ್ಲಿಸತಕ್ಕದ್ದಲ್ಲ."

ಜೋರಾಗಿ ಓದಿದವನಿಗೆ ಅರ್ಧದಲ್ಲಿ ಉಸಿರು ನಿಂತಿತು, ನಮಗೆಲ್ಲ ನಗು. ಆದರೆ ಓದೋಕೆ ಕಷ್ಟವಾದರೂ ಅರ್ಥ ಮಾತ್ರ ಪಕ್ಕಾ ಇದೆ ಅನ್ನೋ ನಂಬಿಕೆ ನಮಗಿತ್ತು. ಅದೂ ಸುಳ್ಳು ಅಂತ ಐದು ದಿನ ಆದಮೇಲೆ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇವೆ.

ಇಂಥದ್ದನ್ನು ಬೋರ್ಡಿಗೆ ಹಾಕಿದರೆ ಯಾವ ಅಪ್ಪ ಅಮ್ಮನೂ ಓದುವುದಿಲ್ಲ ಅಂತ ತೀರ್ಮಾನಿಸಿ, ರಾತ್ರಿ ಹನ್ನೊಂದರ ಸುಮಾರಿಗೆ ಅದನ್ನು ಒಡೆದೆವು. ಇಂಗ್ಲಿಷಿನಲ್ಲಿ ಮುಖ್ಯ ಕ್ರಿಯಾಪದ ಮೊದಲೇ ಬಂದುಬಿಡುತ್ತದೆ, ಆಮೇಲೆ ಷರತ್ತುಗಳು ರೈಲಿನ ಬೋಗಿಗಳ ಹಾಗೆ ಹಿಂದೆ ಸೇರಿಕೊಳ್ಳುತ್ತವೆ. ಓದುವವನಿಗೆ ಇಂಜಿನ್ ಯಾವುದು ಅಂತ ಮೊದಲೇ ಗೊತ್ತಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಷರತ್ತುಗಳೆಲ್ಲ ಮುಂದೆ ನಿಂತು, ಇಂಜಿನ್ ಬರೋವರೆಗೂ ಓದುಗ ಎಲ್ಲ ಬೋಗಿಗಳನ್ನೂ ತಲೆಯಲ್ಲಿ ಹೊತ್ತುಕೊಂಡಿರಬೇಕು. ಹಾಗಾಗಿ ಒಡೆಯಲೇಬೇಕು, ಅದರಲ್ಲಿ ಅನುಮಾನ ಇಲ್ಲ. ನಾವು ಒಡೆದದ್ದು ಹೀಗೆ:

"ಎಲ್ಲ ಅರ್ಜಿದಾರರೂ ಆದಾಯ ಪ್ರಮಾಣಪತ್ರ ಕೊಡಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು. ನವೆಂಬರ್ 30ರೊಳಗೆ ಇದನ್ನು ಮಾಡದಿದ್ದರೆ ಅರ್ಜಿ ತಿರಸ್ಕಾರವಾಗಬಹುದು. ಕಳೆದ ವರ್ಷ ಹಣ ಬಂದವರು ಮತ್ತೆ ಮಾಡಬೇಕಾಗಿಲ್ಲ."

ನಾಲ್ಕು ವಾಕ್ಯ, ಇಪ್ಪತ್ತು ಚಿಲ್ಲರೆ ಪದ. ಗುಮಾಸ್ತರಿಗೆ ಬಹಳ ಖುಷಿಯಾಯಿತು. 13ರ ಬೆಳಿಗ್ಗೆ ಬೋರ್ಡಿಗೆ ಬಂತು, ಮಧ್ಯಾಹ್ನದೊಳಗೆ ಅದರ ಫೋಟೋ ಎಲ್ಲ ಕ್ಲಾಸುಗಳ ವಾಟ್ಸಾಪ್ ಗುಂಪಿಗೂ ಹೋಯಿತು. ಕೆಳಗೆ ನಮ್ಮ ಸಂಘದ ಹೆಸರು ಬೇರೆ.

17ರ ಸಂಜೆ ಮೆಕ್ಯಾನಿಕಲ್ ಮೂರನೇ ವರ್ಷದ ಗೆಳೆಯನೊಬ್ಬ ಕ್ಯಾಂಟೀನಿನಲ್ಲಿ ಸಿಕ್ಕ. ಹಾವೇರಿ ಕಡೆಯವನು. ಮಾತಿನ ನಡುವೆ ಅವನೇ ಅಂದ, "ಛಲೋ ಮಾಡೀರಿ ನೋಡ್ರಿ ನೋಟೀಸು. ನಮಗೇನೂ ಕೆಲಸ ಇಲ್ಲ ಈ ಸಲ. ಹೋದ ವರ್ಷ ರೊಕ್ಕ ಬಂದೋರು ಮತ್ತ ಮಾಡೂದು ಬ್ಯಾಡ ಅಂತ ನೀವ ಬರದೀರಲ್ಲ." ಹೌದು ಹೌದು ಅಂದುಬಿಟ್ಟೆವು. ಚಹಾ ಮುಗಿಯುವ ಹೊತ್ತಿಗೆ ನಮ್ಮಲ್ಲೊಬ್ಬಳಿಗೆ ಏನೋ ಇರುಸುಮುರುಸು. ಫೋನಿನಲ್ಲಿದ್ದ ಮೂಲ ಸುತ್ತೋಲೆ ತೆಗೆದು ಮೂರನೇ ಪ್ಯಾರಾ ಓದಿದಳು. ಆಮೇಲೆ ಫೋನನ್ನು ನಮ್ಮ ಕಡೆ ತಿರುಗಿಸಿದಳು.

ಮೂಲದಲ್ಲಿ ಕೆಲಸಗಳು ಎರಡು. ಒಂದು, ಆದಾಯ ಪ್ರಮಾಣಪತ್ರ ಕೊಡುವುದು. ಇನ್ನೊಂದು, ಖಾತೆಯ ಆಧಾರ್ ಸರಿ ಇದೆಯಾ ಅಂತ ನೋಡಿಕೊಳ್ಳುವುದು. 'ಪರಂತು' ಅಂತ ಶುರುವಾಗುವ ಕೊನೆಯ ಭಾಗ ವಿನಾಯಿತಿ ಕೊಡುವುದು ಮೊದಲನೆಯದಕ್ಕೆ ಮಾತ್ರ. ಎರಡನೆಯದಕ್ಕೆ ಯಾರಿಗೂ ವಿನಾಯಿತಿ ಇಲ್ಲ. ನಾವು ಒಡೆಯುವಾಗ 'ಸದರಿ ಪ್ರಮಾಣಪತ್ರವನ್ನು' ಅನ್ನೋ ಎರಡು ಪದ ಬಿಟ್ಟು, ಬರೀ 'ಮತ್ತೆ ಮಾಡಬೇಕಾಗಿಲ್ಲ' ಅಂತ ಬರೆದಿದ್ದೆವು. 'ಸದರಿ' ಅನ್ನೋದನ್ನು ನಾವು ಬಹಳ ಆಡಿಕೊಂಡಿದ್ದೆವು. ಆದರೆ ಅದು ಆ ವಾಕ್ಯದಲ್ಲಿ ಒಂದು ಕೊಂಡಿ. ಯಾವ ಪ್ರಮಾಣಪತ್ರ? ಮೇಲೆ ಹೇಳಿದೆಯಲ್ಲ, ಅದೇ, ಬೇರೆ ಯಾವುದೂ ಅಲ್ಲ. ಆ ಕೊಂಡಿ ತೆಗೆದಮೇಲೆ ವಿನಾಯಿತಿ ಇಡೀ ಪ್ಯಾರಾಕ್ಕೆ ಹರಡಿಕೊಂಡಿತು. ವಾಕ್ಯ ಚಿಕ್ಕದಾಗಿದ್ದಕ್ಕೆ ಈ ತಪ್ಪಾಗಲಿಲ್ಲ. ಒಡೆದ ಪ್ರತಿ ತುಂಡಿನಲ್ಲೂ ಯಾರು, ಯಾವುದನ್ನು ಅಂತ ಮತ್ತೆ ಹೇಳಬೇಕಿತ್ತು, ಹೇಳಲಿಲ್ಲ. ಉದ್ದ ವಾಕ್ಯದಲ್ಲಿ ವ್ಯಾಕರಣ ಮಾಡುತ್ತಿದ್ದ ಕೆಲಸವನ್ನು ಚಿಕ್ಕ ವಾಕ್ಯದಲ್ಲಿ ಪದಗಳೇ ಮಾಡಬೇಕಾಗುತ್ತದೆ.

ಗೆಳೆಯನಿಗೆ ಹೇಳಿದೆವು. ಅವನ ಮುಖ ಬಿಳಿಚಿಕೊಂಡಿತು. ಯಾಕೆ ಅಂದರೆ, ಹೋದ ವರ್ಷ ದುಡ್ಡು ಬಂದಿದ್ದು ಊರಿನ ಬ್ಯಾಂಕಿನ ಖಾತೆಗೆ. ಬೇಸಿಗೆ ರಜೆಯಲ್ಲಿ ಅವನು ಆ ಖಾತೆಯನ್ನೇ ಮುಚ್ಚಿಸಿ ಬಂದಿದ್ದ. ಈಗ ಇಲ್ಲಿ ಇನ್ನೊಂದು ಬ್ಯಾಂಕಿನಲ್ಲಿ ಖಾತೆ. ಅವನ ಎರಡನೇ ಸೆಮಿಸ್ಟರಿನ ಹಾಸ್ಟೆಲ್ ಫೀಸು ನಿಂತಿರುವುದೇ ಈ ದುಡ್ಡಿನ ಮೇಲೆ. ನಮ್ಮ ನೋಟೀಸನ್ನು ನಂಬಿ ಅವನು 30ನೇ ತಾರೀಖಿನವರೆಗೂ ಸುಮ್ಮನಿರುತ್ತಿದ್ದ. ಅವನೊಬ್ಬನೇ ಅಲ್ಲ, ಫೋಟೋ ನೋಡಿದ ಎಷ್ಟು ಜನವೋ.

ರಾತ್ರಿ ಎಂಟಕ್ಕೆ ಗುಮಾಸ್ತರ ಮನೆಗೇ ಫೋನ್ ಮಾಡಿದೆವು. "ನಾಳೆ ಬೆಳಿಗ್ಗೆ ಮೊದಲು ಅದನ್ನ ತೆಗೀತೀನಿ. ಸರಿ ಇರೋದನ್ನ ಕೊಡಿ, ಅವಸರ ಮಾಡ್ಬೇಡಿ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವತ್ತೇ ಎಲ್ಲ ಗುಂಪುಗಳಿಗೂ "ಹಿಂದಿನ ನೋಟೀಸಿನಲ್ಲಿ ನಮ್ಮದೊಂದು ತಪ್ಪಾಗಿದೆ, ಆಧಾರ್ ವಿಷಯ ಎಲ್ಲರಿಗೂ ಅನ್ವಯಿಸುತ್ತದೆ" ಅಂತ ಎರಡು ಸಾಲು ಹಾಕಿದೆವು.

ಎರಡನೇ ಸಲ ಕೂತಾಗ ವಿಧಾನ ಬದಲಾಯಿಸಿದೆವು. ಅನುವಾದ ಮಾಡಿದವರು ಮೂಲವನ್ನು ಮುಚ್ಚಿಟ್ಟು, ಕನ್ನಡವನ್ನಷ್ಟೇ ಇಟ್ಟುಕೊಂಡು ಮೂರು ಪ್ರಶ್ನೆ ಕೇಳಬೇಕು: ಯಾರು ಮಾಡಬೇಕು, ಯಾವುದನ್ನು, ಮಾಡದಿದ್ದರೆ ಏನು. ಉತ್ತರಗಳನ್ನು ಬರೆದಿಟ್ಟು, ಆಮೇಲೆ ಇಂಗ್ಲಿಷ್ ತೆಗೆದು ಅದೇ ಪ್ರಶ್ನೆ ಕೇಳಬೇಕು. ಎರಡೂ ಉತ್ತರ ಒಂದೇ ಆಗಿರಬೇಕು. ಮೊದಲು ಈ ಪರೀಕ್ಷೆಗೆ ಹಾಕಿದ್ದು ನಾವು ಪಕ್ಕಾ ಅಂದುಕೊಂಡಿದ್ದ ಆ ಉದ್ದ ವಾಕ್ಯವನ್ನು. ಅದು ಎರಡು ಕಡೆ ಫೇಲಾಯಿತು.

ಮೊದಲನೆಯದು, 'ಸಲ್ಲಿಸತಕ್ಕದ್ದಲ್ಲ'. ಸರ್ಕಾರಿ ಕನ್ನಡದಲ್ಲಿ 'ತಕ್ಕದ್ದು' ಅಂದರೆ ಇಂಗ್ಲಿಷಿನ 'ಶಲ್', ಅಂದರೆ ಮಾಡಲೇಬೇಕು. ನಾವು ಅದಕ್ಕೊಂದು 'ಅಲ್ಲ' ಸೇರಿಸಿದರೆ 'ಮಾಡಬೇಕಿಲ್ಲ' ಆಗುತ್ತದೆ ಅಂದುಕೊಂಡಿದ್ದೆವು. ಆಗುವುದಿಲ್ಲ. 'ಸಲ್ಲಿಸತಕ್ಕದ್ದಲ್ಲ' ಅಂದರೆ ಸಲ್ಲಿಸಬಾರದು ಅಂತ. ಮೂಲ ಹೇಳಿದ್ದು ಸಲ್ಲಿಸುವ ಅಗತ್ಯವಿಲ್ಲ ಅಂತ. ಬೇಕಾಗಿಲ್ಲ ಅನ್ನೋದಕ್ಕೂ ಬಾರದು ಅನ್ನೋದಕ್ಕೂ ನಮ್ಮ ಮನೆಯ ಮೂರು ವರ್ಷದ ಮಕ್ಕಳಿಗೂ ವ್ಯತ್ಯಾಸ ಗೊತ್ತು. ಪದಕೋಶ ಕೈಯಲ್ಲಿದ್ದ ನಮಗೆ ಗೊತ್ತಾಗಲಿಲ್ಲ.

ಎರಡನೆಯದು 'ಸಕ್ಷಮ ಪ್ರಾಧಿಕಾರ'. ಇದು ಒಂದೇ ವಾಕ್ಯದಲ್ಲಿ ಎರಡು ಸಲ ಬಂದಿದೆ. ಆದಾಯ ಪ್ರಮಾಣಪತ್ರ ಕೊಡುವ ಸಕ್ಷಮ ಪ್ರಾಧಿಕಾರ ಅಂದರೆ ನಮ್ಮಲ್ಲಿ ತಹಶೀಲ್ದಾರರು, ಜನ ಅರ್ಜಿ ಹಾಕುವುದು ನಾಡಕಚೇರಿಯಲ್ಲಿ. ಆದರೆ 'ಕೋರಿದ ಹೊರತು' ಅಂತ ಮುಂದೆ ಬರುವ ಪ್ರಾಧಿಕಾರ ತಹಶೀಲ್ದಾರರಲ್ಲ. ತಹಶೀಲ್ದಾರರು ತಾವೇ ಕೊಟ್ಟ ಪತ್ರವನ್ನು ಮತ್ತೆ ಯಾಕೆ ಕೇಳುತ್ತಾರೆ? ಅದು ವಿದ್ಯಾರ್ಥಿವೇತನದ ಅರ್ಜಿ ಪರಿಶೀಲಿಸುವ ಅಧಿಕಾರಿ. ಇಂಗ್ಲಿಷಿನಲ್ಲೂ ಎರಡಕ್ಕೂ ಒಂದೇ ಪದ, ಓದುವವರು ಸಂದರ್ಭ ನೋಡಿ ತಿಳಿದುಕೊಳ್ಳಬೇಕು. ಇದನ್ನು ನಾವೇ ಊಹಿಸಿ ಬರೆಯಲಿಲ್ಲ. ಗುಮಾಸ್ತರು ಮೇಲಿನ ಕಚೇರಿಗೆ ಫೋನ್ ಮಾಡಿ ಕೇಳಿದರು, ಹೌದು ಅಂದಮೇಲೆ ಬರೆದೆವು. ಮೂಲ ಮಸುಕಾಗಿದ್ದರೆ ಅನುವಾದಕ ತನಗೆ ಸರಿ ಕಂಡ ಅರ್ಥವನ್ನು ಸ್ಪಷ್ಟವಾಗಿ ಬರೆದುಬಿಡುವುದು ದೊಡ್ಡ ಆಸೆ. ನಮಗೂ ಆ ಆಸೆ ಬಂದಿತ್ತು.

ಇನ್ನು 'ತಿರಸ್ಕರಿಸಲ್ಪಡಬಹುದು'. ಇಂಗ್ಲಿಷಿನ 'ಮೇ' ಅಧಿಕಾರಿಗೆ ಒಂದು ಅಧಿಕಾರ ಕೊಡುತ್ತದೆ: ಬೇಕಿದ್ದರೆ ತಿರಸ್ಕರಿಸಲಿ. ಕನ್ನಡದ 'ಬಹುದು' ಅದನ್ನೂ ಹೇಳುತ್ತದೆ, 'ಮಳೆ ಬರಬಹುದು' ಅನ್ನೋ ಥರದ ಅನುಮಾನವನ್ನೂ ಹೇಳುತ್ತದೆ. 'ಅರ್ಜಿ ತಿರಸ್ಕಾರವಾಗಬಹುದು' ಅಂತ ಓದಿದವರು, ಆದರೆ ಆಯ್ತು ಹೋದರೆ ಹೋಯ್ತು ಅಂತ ಅದೃಷ್ಟಕ್ಕೆ ಬಿಡುತ್ತಾರೆ. ನಮ್ಮಲ್ಲೊಬ್ಬನು 'ತಿರಸ್ಕರಿಸಲಾಗುವುದು' ಅಂತಲೇ ಹಾಕೋಣ, ಜನ ಹೆದರಿ ಬೇಗ ಮಾಡುತ್ತಾರೆ ಅಂದ. ಒಳ್ಳೆಯ ಉದ್ದೇಶವೇ, ಆದರೆ ಅದು ಸುತ್ತೋಲೆ ಹೇಳಿದ ಮಾತಲ್ಲ. 1ನೇ ತಾರೀಖು ಸರಿಮಾಡಿಸಿಕೊಂಡು ಬಂದವನೊಬ್ಬ ಆ ಸಾಲು ನೋಡಿ, ಹೇಗೂ ಹೋಯಿತು ಅಂತ ವಾಪಸ್ ಹೋಗಬಹುದು. ಅಲ್ಲಿ ಅಧಿಕಾರಿಗೆ ಬಿಟ್ಟ ಒಂದಿಷ್ಟು ಜಾಗವಿದೆ. ಅದನ್ನು ಮುಚ್ಚುವ ಹಕ್ಕು ನಮಗಿಲ್ಲ. ಕೊನೆಗೆ 'ತಿರಸ್ಕರಿಸುವ ಅಧಿಕಾರ ಕಚೇರಿಗೆ ಇದೆ' ಅಂತ ಬರೆದೆವು. ಅನುಮಾನವೂ ಇಲ್ಲ, ಸುಳ್ಳೂ ಇಲ್ಲ.

ಈ ಪದದ ಬಗ್ಗೆ ಇನ್ನೂ ಒಂದು ಜಗಳ ಆಯಿತು. ತಿರಸ್ಕಾರ ಅನ್ನೋದು ಭಾರ, 'ರದ್ದು' ಅಂದರೆ ಎಲ್ಲರಿಗೂ ಗೊತ್ತು ಅಂತ ಒಬ್ಬಳ ವಾದ. ಅರ್ಜಿ, ಮಂಜೂರು, ರದ್ದು, ಜಾರಿ ಇವೆಲ್ಲ ಪಾರ್ಸಿ, ಅರಬಿಯಿಂದ ಬಂದು ನಮ್ಮ ಅಜ್ಜಂದಿರ ಬಾಯಲ್ಲೂ ಇದ್ದ ಪದಗಳು, ಸಂಸ್ಕೃತದ ಹೊಸ ಪದಗಳಿಗಿಂತ ಎಷ್ಟೋ ವಾಸಿ. ನಮಗೂ ಅದೇ ಇಷ್ಟ. ಆದರೆ ರದ್ದು ಮಾಡೋದು ಮೊದಲೇ ಕೊಟ್ಟದ್ದನ್ನು. ಇಲ್ಲಿ ಇನ್ನೂ ಏನೂ ಕೊಟ್ಟಿಲ್ಲ, ಕೇಳಿದ್ದನ್ನು ಒಲ್ಲೆ ಅನ್ನುತ್ತಿದ್ದಾರೆ. ಹಾಗಾಗಿ ತಿರಸ್ಕಾರವೇ ಉಳಿಯಿತು.

ತಾರೀಖಿನದು ಬೇಗ ಮುಗಿಯಿತು. '30ರೊಳಗೆ' ಅಂದರೆ 30 ಸೇರುತ್ತದೋ ಇಲ್ಲವೋ ಅಂತ ಇಬ್ಬರನ್ನು ಕೇಳಿದರೆ ಎರಡು ಉತ್ತರ ಬರುತ್ತದೆ. 'ನವೆಂಬರ್ 30 ಕೊನೆಯ ದಿನ' ಅಂದರೆ ಒಂದೇ ಉತ್ತರ.

18ರ ಮಧ್ಯಾಹ್ನ ಹೊಸ ಕರಡು ತೆಗೆದುಕೊಂಡು ಮೆಸ್ಸಿಗೆ ಹೋದೆವು. ಅಲ್ಲಿ ಚಪಾತಿ ಮಾಡುವ ಅಕ್ಕನ ಮಗಳು ಈ ವರ್ಷ ಡಿಪ್ಲೊಮಾ ಸೇರಿದ್ದಾಳೆ, ಅವಳೂ ಇದೇ ಥರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವಳು. ಅಕ್ಕ ಏಳನೇ ಕ್ಲಾಸು ಓದಿದ್ದಾರೆ. ಕೈ ಒರೆಸಿಕೊಂಡು, ಒಂದೊಂದೇ ಸಾಲು ಬೆರಳಿಟ್ಟು ಓದಿದರು. ನಾವು "ಅರ್ಥ ಆಯ್ತಾ ಅಕ್ಕ?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಯಾರಾದರೂ ಹೂಂ ಅನ್ನುತ್ತಾರೆ. "ಅಕ್ಕ, ಈಗ ನೀವು ಏನೇನು ಮಾಡ್ಬೇಕು ಹೇಳಿ" ಅಂದೆವು.

"ನಾಡಕಚೇರಿಗೆ ಹೋಗಿ ಇನ್ಕಮ್ಮು ತರ್ಬೇಕು. ಆಮೇಲೆ ಈ ಆಧಾರ್ ಜೋಡಣೆ. ಅದು ಆಗೋಗದೆ ಕಣಪ್ಪ. ಮಗಳ ಅಕೌಂಟ್ ಮಾಡ್ಸುವಾಗ್ಲೇ ಕಾರ್ಡು ಜೆರಾಕ್ಸ್ ಕೊಟ್ಟಿದೀನಿ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೂಲದಲ್ಲಿರುವ ಪದ 'ಸೀಡೆಡ್'. ನಾವು ಅದನ್ನು 'ಜೋಡಣೆ' ಮಾಡಿದ್ದೆವು, ಪತ್ರಿಕೆಗಳಲ್ಲೂ ಹಾಗೇ ಬರುತ್ತದೆ. ಆದರೆ ಬ್ಯಾಂಕಿನಲ್ಲಿ ಆಧಾರಿನದು ಎರಡು ಬೇರೆ ಕೆಲಸ. ಖಾತೆ ತೆರೆಯುವಾಗ ಗುರುತಿನ ಪುರಾವೆಯಾಗಿ ಕಾರ್ಡು ಕೊಟ್ಟರೆ, ಆ ಬ್ಯಾಂಕಿನ ದಾಖಲೆಯಲ್ಲಿ ನಿಮ್ಮ ಆಧಾರ್ ಸಂಖ್ಯೆ ಸೇರಿಕೊಳ್ಳುತ್ತದೆ, ಅಷ್ಟೇ. ಸರ್ಕಾರದ ನೇರ ವರ್ಗಾವಣೆಯ ದುಡ್ಡು ಬರಲು ಅದು ಸಾಲದು. ಎನ್‌ಪಿಸಿಐ ಬಳಿ ಒಂದು ಪಟ್ಟಿ ಇದೆ, ಅದಕ್ಕೆ ಮ್ಯಾಪರ್ ಅನ್ನುತ್ತಾರೆ. ಈ ಆಧಾರ್ ಸಂಖ್ಯೆಗೆ ಬರುವ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅಂತ ಅದರಲ್ಲಿರುತ್ತದೆ. ಒಂದು ಆಧಾರಿಗೆ ಒಂದೇ ಬ್ಯಾಂಕು, ಕೊನೆಗೆ ಯಾವುದನ್ನು ಸೇರಿಸಿದ್ದೀರೋ ಅದು. ಗ್ರಾಹಕರು ಒಪ್ಪಿಗೆಯ ಫಾರ್ಮು ಕೊಟ್ಟರೆ ಬ್ಯಾಂಕು ಆ ಪಟ್ಟಿಗೆ ಸೇರಿಸುತ್ತದೆ. ನಮ್ಮ ಹಾವೇರಿ ಗೆಳೆಯನ ಸಮಸ್ಯೆಯೂ ಇದೇ. ಹೊಸ ಬ್ಯಾಂಕಿಗೆ ಅವನು ಆಧಾರ್ ಕಾರ್ಡು ಕೊಟ್ಟಿದ್ದ, 'ಜೋಡಣೆ' ಆಗಿತ್ತು. ಪಟ್ಟಿಯಲ್ಲಿ ಮಾತ್ರ ಇನ್ನೂ ಮುಚ್ಚಿಹೋದ ಖಾತೆಯ ಬ್ಯಾಂಕೇ ಕೂತಿತ್ತು.

ಇದಕ್ಕೆ ಕನ್ನಡ ಏನು? ಬಿತ್ತನೆ ಅಂತ ಒಬ್ಬ ತಮಾಷೆ ಮಾಡಿದ. ವಿಷಯವನ್ನು ಅಕ್ಕನಿಗೆ ನಮ್ಮ ಮಾತಿನಲ್ಲಿ ಹೇಳಿದೆವು: ಕಾರ್ಡು ಕೊಡೋದಲ್ಲ ಅಕ್ಕ, ಸರ್ಕಾರದ ದುಡ್ಡು ಇದೇ ಅಕೌಂಟಿಗೆ ಬರಲಿ ಅಂತ ಬ್ಯಾಂಕಲ್ಲಿ ಬೇರೆ ಫಾರ್ಮು ಕೊಟ್ಟು ಮಾಡಿಸೋದು.

"ಓ, ಎನ್‌ಪಿಸಿಐ! ಗೃಹಲಕ್ಷ್ಮಿ ದುಡ್ಡು ಬರ್ನಿಲ್ಲ ಅಂತ ಹೋದಾಗ ಮಾಡ್ಸಿದ್ನಲ್ಲ, ಅದಾ? ಹಂಗಂತ ಬರೀಬಾರ್ದಾ ಮತ್ತೆ" ಅಂದರು.

ಪದಕೋಶದಲ್ಲಿ ಹುಡುಕಿ ಸಿಗದ ಕನ್ನಡ ಪದ ಅಲ್ಲಿತ್ತು, ನಾಲ್ಕು ಇಂಗ್ಲಿಷ್ ಅಕ್ಷರಗಳ ರೂಪದಲ್ಲಿ. ನಮ್ಮ ಸಂಘದವರಿಗೆ ಇದನ್ನು ಒಪ್ಪಿಕೊಳ್ಳೋದು ಸ್ವಲ್ಪ ಕಷ್ಟವೇ ಆಯಿತು ಅಂತ ಹೇಳಬೇಕು. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಹೋಗಿ "ಆಧಾರ್ ಜೋಡಣೆ" ಅಂದರೆ ಆಗಿದೆ ಹೋಗಿ ಅನ್ನುತ್ತಾರೆ, "ಎನ್‌ಪಿಸಿಐ ಮಾಡಿಸಬೇಕು" ಅಂದರೆ ಫಾರ್ಮು ಕೊಡುತ್ತಾರೆ. ಕೆಲಸ ಆಗೋ ಪದ ಯಾವುದೋ ಅದನ್ನೇ ಬರೆದೆವು.

19ರ ಬೆಳಿಗ್ಗೆ ಬೋರ್ಡಿಗೆ ಹೋದ ಮೂರನೇ ಪ್ಯಾರಾ ಹೀಗಿತ್ತು:

"3. ಹೊಸದಾಗಿ ಅರ್ಜಿ ಹಾಕುವವರು ಮತ್ತು ನವೀಕರಣ ಮಾಡಿಸುವವರು ಈ ಎರಡು ಕೆಲಸ ಮಾಡಬೇಕು. ನವೆಂಬರ್ 30 ಕೊನೆಯ ದಿನ.
(ಅ) ತಹಶೀಲ್ದಾರರು ಕೊಟ್ಟ ಆದಾಯ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಕಳೆದ ವರ್ಷದ ವಿದ್ಯಾರ್ಥಿವೇತನ ಖಾತೆಗೆ ಬಂದಿದ್ದರೆ, ನವೀಕರಣ ಮಾಡಿಸುವವರು ಆದಾಯ ಪ್ರಮಾಣಪತ್ರವನ್ನು ಮತ್ತೆ ಸಲ್ಲಿಸುವ ಅಗತ್ಯವಿಲ್ಲ. ಅರ್ಜಿ ಪರಿಶೀಲಿಸುವ ಅಧಿಕಾರಿ ಕೇಳಿದರೆ ಮಾತ್ರ ಸಲ್ಲಿಸಬೇಕು.
(ಆ) ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಎನ್‌ಪಿಸಿಐ) ಆಗಿರಬೇಕು, ಅದು ಚಾಲ್ತಿಯಲ್ಲಿರಬೇಕು. ಇದು ಎಲ್ಲರಿಗೂ ಅನ್ವಯಿಸುತ್ತದೆ. ನವೀಕರಣದವರಿಗೂ ವಿನಾಯಿತಿ ಇಲ್ಲ.
ಇವನ್ನು ಮಾಡದಿದ್ದರೆ, ಮತ್ತೆ ತಿಳಿಸದೆ ಅರ್ಜಿಯನ್ನು ತಿರಸ್ಕರಿಸುವ ಅಧಿಕಾರ ಕಚೇರಿಗೆ ಇದೆ."

ಮೂಲದ ಪ್ಯಾರಾ ಸಂಖ್ಯೆ 3 ಅನ್ನು ಹಾಗೇ ಉಳಿಸಿದ್ದು ಗುಮಾಸ್ತರ ಸಲಹೆ. ಯಾರಾದರೂ ತಕರಾರು ತೆಗೆದರೆ ಇಂಗ್ಲಿಷಿನ ಮೂರನೇ ಪ್ಯಾರಾ ತೋರಿಸಬಹುದು. 'ಎಲ್ಲರಿಗೂ ಅನ್ವಯಿಸುತ್ತದೆ' ಅನ್ನೋ ಸಾಲು, ಅದರ ಮುಂದಿನದು, ಎರಡೂ ಮೂಲದಲ್ಲಿ ಬಿಡಿಯಾಗಿ ಇಲ್ಲ. ಆದರೆ ಮೂಲದ ಅರ್ಥವೇ ಅದು, ನಾವೇ ಮಾಡಿದ ತಪ್ಪು ಊರೆಲ್ಲ ಹರಡಿತ್ತಾದ್ದರಿಂದ ಬೇಕೂ ಇತ್ತು. ಸೀಡಿಂಗ್ ಆಗಿದೆಯಾ ಅಂತ ಆಧಾರಿನ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ, Bank Seeding Status ಒತ್ತಿ ನೋಡಬಹುದು. ಬ್ಯಾಂಕಿನ ಹೆಸರು, ಚಾಲ್ತಿಯಲ್ಲಿದೆಯೋ ಇಲ್ಲವೋ ಎರಡೂ ಕಾಣುತ್ತದೆ. ಇದನ್ನು ಸುತ್ತೋಲೆ ಹೇಳಿಲ್ಲ. ಹಾಗಾಗಿ ಅನುವಾದದೊಳಗೆ ಸೇರಿಸದೆ, ಕೆಳಗೊಂದು ಗೆರೆ ಎಳೆದು 'ಸಂಘದ ಟಿಪ್ಪಣಿ' ಅಂತ ಬೇರೆಯಾಗಿ ಹಾಕಿದೆವು. 'ಅರ್ಥದಲ್ಲಿ ವ್ಯತ್ಯಾಸ ಕಂಡರೆ ಇಂಗ್ಲಿಷ್ ಮೂಲವೇ ಅಧಿಕೃತ' ಅನ್ನೋ ಸಾಲನ್ನೂ ಅಲ್ಲೇ ಹಾಕಿದೆವು. ಮೊದಲ ಸಲ ಅದನ್ನು ಹಾಕದೇ ಇದ್ದದ್ದು ಬರೀ ಜಂಬ.

ಗೆಳೆಯ 18ರಂದೇ ಬ್ಯಾಂಕಿಗೆ ಹೋಗಿ ಫಾರ್ಮು ಕೊಟ್ಟು ಬಂದಿದ್ದ. ಆಮೇಲೆ ದಿನಾ ರಾತ್ರಿ ಊಟಕ್ಕೆ ಮುಂಚೆ ಆ ವೆಬ್‌ಸೈಟ್ ತೆಗೆಯೋದು, ಹಳೇ ಬ್ಯಾಂಕಿನ ಹೆಸರೇ ಕಾಣೋದು, ನಮ್ಮ ಕಡೆ ಒಮ್ಮೆ ನೋಡೋದು. ಅವನು ಏನೂ ಅನ್ನುತ್ತಿರಲಿಲ್ಲ. 24ರ ರಾತ್ರಿ ಗುಂಪಿಗೆ ಒಂದು ಸ್ಕ್ರೀನ್‌ಶಾಟ್ ಬಂತು: ಹೊಸ ಬ್ಯಾಂಕಿನ ಹೆಸರು, ಪಕ್ಕದಲ್ಲಿ Active. ಅದರ ಕೆಳಗೆ ಅವನ ಒಂದೇ ಸಾಲು, "ಆತು ನೋಡ್ರಪಾ."

ಮರುದಿನ ಥ್ಯಾಂಕ್ಸ್ ಹೇಳೋಕೆ ಆಫೀಸಿಗೆ ಹೋದಾಗ ಗುಮಾಸ್ತರು ಟೇಬಲ್ಲಿನ ಡ್ರಾಯರ್ ಎಳೆದು ಇನ್ನೊಂದು ಸುತ್ತೋಲೆ ತೆಗೆದರು. "ಇದು ಬಸ್ ಪಾಸಿಂದು, ಚಿಕ್ಕದೇ" ಅಂದರು. ನಿಂತಲ್ಲೇ ಓದಿದೆವು. ಮೊದಲ ವಾಕ್ಯ ಒಂಬತ್ತನೇ ಸಾಲಿನಲ್ಲಿ ಮುಗಿದಿತ್ತು, 'ಆ್ಯಸ್ ದ ಕೇಸ್ ಮೇ ಬಿ' ಎರಡು ಸಲ ಇತ್ತು.

"ಯಾವಾಗ ಬೇಕು ಸರ್?"

"ನಿಧಾನಕ್ಕೆ ಕೊಡಿ" ಅಂದರು ಅವರು. "ಮೆಸ್ಸಲ್ಲಿ ಓದ್ಸಿ ಆದ್ಮೇಲೆ ಕೊಡಿ."